ಪೂರ್ಣ ಪೈಪೋಟಿ – ಏಕಸ್ವಾಮ್ಯ ಹೋಲಿಕೆ: ಹತ್ತು ಅಂಕದ ಉತ್ತರ ಬರೆಯುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಬಿ.ಎ. ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗಾಗಿ

ಪ್ರಶ್ನೆ: ಪೂರ್ಣ ಪೈಪೋಟಿ ಮತ್ತು ಏಕಸ್ವಾಮ್ಯ ಮಾರುಕಟ್ಟೆಗಳಲ್ಲಿ ಬೆಲೆ ಮತ್ತು ಉತ್ಪನ್ನ ನಿರ್ಧಾರವಾಗುವ ಬಗೆಯನ್ನು ಚಿತ್ರಗಳೊಂದಿಗೆ ಹೋಲಿಸಿ. (10 ಅಂಕ)

ಪ್ರಶ್ನೆಯಲ್ಲಿ 'ಹೋಲಿಸಿ' ಎಂದಿದೆ. ಹೆಚ್ಚಿನ ಉತ್ತರಗಳು ಎಡವುವುದು ಇಲ್ಲೇ. ಮೊದಲೆರಡು ಪುಟ ಪೂರ್ಣ ಪೈಪೋಟಿಯ ಲಕ್ಷಣ, ಮುಂದಿನೆರಡು ಪುಟ ಏಕಸ್ವಾಮ್ಯದ ಲಕ್ಷಣ, ಅಲ್ಲಿಗೆ ಉತ್ತರ ಮುಗಿಯುತ್ತದೆ. ಅದು ಎರಡು ಟಿಪ್ಪಣಿಯಾಯಿತು, ಹೋಲಿಕೆ ಆಗಲಿಲ್ಲ. ಎಷ್ಟೇ ಉದ್ದ ಬರೆದರೂ ಹೋಲಿಕೆಯ ಅಂಕ ಬರುವುದಿಲ್ಲ.

ಮೂರು ತಾಸಿನ 80 ಅಂಕದ ಪತ್ರಿಕೆಯಾದರೆ ಈ ಪ್ರಶ್ನೆಗೆ ಸಿಗುವುದು ಸುಮಾರು 22 ನಿಮಿಷ. ಚಿತ್ರಗಳಿಗೆ 7, ಬರವಣಿಗೆಗೆ 13, ಹೆಸರು-ಗುರುತು ಸರಿ ನೋಡಲು 2 ನಿಮಿಷ ಇಟ್ಟುಕೊಳ್ಳಿ. ನಾಲ್ಕು ಪುಟ ಸಾಕು.

ಅಂಕ ಹಂಚಿಕೆ

ಈ ಮಾದರಿಯಲ್ಲಿ ಅಂಕಗಳು ಹೀಗೆ ಬೀಳುತ್ತವೆ:

- ಎರಡೂ ಮಾರುಕಟ್ಟೆಗಳ ಅರ್ಥ, ಒಂದೊಂದು ಉದಾಹರಣೆ – 2
- ಎರಡು ಚಿತ್ರ, ತಲಾ 1½ – 3 (ಅಕ್ಷದ ಹೆಸರಿಗೆ ½, ರೇಖೆಗಳ ಆಕಾರಕ್ಕೆ ½, ಸಮತೋಲನ ಬಿಂದುವಿಗೆ ½)
- ಚಿತ್ರದ ವಿವರಣೆ – 2
- ನೇರ ಹೋಲಿಕೆ, ಕನಿಷ್ಠ ನಾಲ್ಕು ಅಂಶ – 2
- ಗ್ರಾಹಕರಿಗೆ, ಸಮಾಜಕ್ಕೆ ಆಗುವ ಪರಿಣಾಮ – 1

ವಿವರಣೆ ಇಲ್ಲದ ಚಿತ್ರಕ್ಕೆ 3 ಅಂಕಕ್ಕಿಂತ ಹೆಚ್ಚು ಸಿಗದು. ಚಿತ್ರವೇ ಇಲ್ಲದಿದ್ದರೆ ವಿವರಣೆಯ 2 ಅಂಕದಲ್ಲೂ ಒಂದು ಹೋಗುತ್ತದೆ, ಏಕೆಂದರೆ ವಿವರಣೆ ತೋರಿಸಬೇಕಾದ ಬಿಂದುವೇ ಹಾಳೆಯ ಮೇಲೆ ಇರುವುದಿಲ್ಲ.

ಆರಂಭ

ಪೀಠಿಕೆ ಬೇಡ. ಮೊದಲ ವಾಕ್ಯದಲ್ಲೇ ಹೋಲಿಕೆ ಶುರುವಾಗಲಿ: "ಪೂರ್ಣ ಪೈಪೋಟಿಯಲ್ಲಿ ಅಸಂಖ್ಯ ಮಾರಾಟಗಾರರು ಒಂದೇ ರೂಪದ ಸರಕನ್ನು ಮಾರುವುದರಿಂದ ಉದ್ಯಮ ಘಟಕವು ಮಾರುಕಟ್ಟೆ ಬೆಲೆಯನ್ನು ಒಪ್ಪಿಕೊಳ್ಳುತ್ತದೆ, ಏಕಸ್ವಾಮ್ಯದಲ್ಲಿ ನಿಕಟ ಬದಲಿ ಸರಕಿಲ್ಲದ ವಸ್ತುವಿಗೆ ಒಬ್ಬನೇ ಮಾರಾಟಗಾರನಿರುವುದರಿಂದ ಬೆಲೆಯನ್ನು ಅವನೇ ನಿರ್ಧರಿಸುತ್ತಾನೆ."

ಉದಾಹರಣೆಗೆ ದೂರ ಹೋಗಬೇಕಿಲ್ಲ. ಕಲಬುರಗಿ ಎಪಿಎಂಸಿ ಯಾರ್ಡಿಗೆ ಹತ್ತು ಕ್ವಿಂಟಲ್ ತೊಗರಿ ತಂದ ರೈತ ಕ್ವಿಂಟಲ್‌ಗೆ ನೂರು ರೂಪಾಯಿ ಹೆಚ್ಚು ಕೇಳಿದರೆ ಖರೀದಿದಾರ ಪಕ್ಕದ ರಾಶಿಗೆ ನಡೆಯುತ್ತಾನೆ. ಬೆಲೆ ಒಪ್ಪಿಕೊಳ್ಳುವುದು ಎಂದರೆ ಇದೇ. ಆದರೆ ತೊಗರಿ ಮಾರುಕಟ್ಟೆ 'ಪೂರ್ಣ ಪೈಪೋಟಿಗೆ ಹತ್ತಿರ' ಎಂದಷ್ಟೇ ಬರೆಯಿರಿ: ಕಾಳಿನ ತೇವ, ಗುಣಮಟ್ಟದಲ್ಲಿ ವ್ಯತ್ಯಾಸವಿದೆ, ಖರೀದಿದಾರರು ಮಾರುವವರಷ್ಟು ಜನ ಇಲ್ಲ, ಸರ್ಕಾರದ ಬೆಂಬಲ ಬೆಲೆಯೂ ಇದೆ. ಏಕಸ್ವಾಮ್ಯಕ್ಕೆ ನಮ್ಮ ಭಾಗದ ವಿದ್ಯುತ್ ವಿತರಣೆ ಮಾಡುವ ಜೆಸ್ಕಾಂ ಹೆಸರು ಕೊಡಬಹುದು. ಅಲ್ಲಿಯೂ ಒಂದು ಮಾತು ಸೇರಿಸಿ: ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಹಾಗಾಗಿ ಇದು ನಿಯಂತ್ರಿತ ಏಕಸ್ವಾಮ್ಯ. ಈ ಒಂದು ವಾಕ್ಯ ಓದಿದ ಮೌಲ್ಯಮಾಪಕರಿಗೆ ನೀವು ಅರ್ಥ ಮಾಡಿಕೊಂಡು ಬರೆದಿದ್ದೀರಿ ಎಂದು ಗೊತ್ತಾಗುತ್ತದೆ.

ಚಿತ್ರ 1: ಪೂರ್ಣ ಪೈಪೋಟಿ, ಉದ್ಯಮ ಘಟಕ, ದೀರ್ಘಾವಧಿ

```
 Y
 |  AC              MC      AC
 |   \              /       /
 |     \           /     /
 |        \       /   /
P|-----------`-.E.-'----------- AR = MR
 |   MC        /|
 |     \      / |
 |       `--'   |
 +--------------+-------------- X
O               Q
```

ಅಡ್ಡ ಅಕ್ಷ ಉತ್ಪನ್ನ, ಲಂಬ ಅಕ್ಷ ಬೆಲೆ-ವೆಚ್ಚ. AC ಸರಾಸರಿ ವೆಚ್ಚ, MC ಸೀಮಾಂತ ವೆಚ್ಚ, AR ಸರಾಸರಿ ಆದಾಯ, MR ಸೀಮಾಂತ ಆದಾಯ. ಮೊದಲು ಬೆಲೆಯ ಮಟ್ಟದ ರೇಖೆ ಎಳೆಯಿರಿ. ಆಮೇಲೆ ಅದನ್ನು ಕೆಳಗಿನಿಂದ ಮುಟ್ಟುವಂತಲ್ಲ, ಮೇಲೆ ಕುಳಿತು ಒಂದೇ ಬಿಂದುವಿನಲ್ಲಿ ತಾಗುವಂತೆ AC ಬರಲಿ. MC ಕೊನೆಗೆ: ಅದು AC ಯ ಅತಿ ಕೆಳಗಿನ ಬಿಂದುವಿನಲ್ಲೇ, ಕೆಳಗಿನಿಂದ ಮೇಲೇರುತ್ತಾ ಕತ್ತರಿಸಬೇಕು. AC ಯನ್ನು ಮೊದಲು ಎಳೆದು ಬೆಲೆ ರೇಖೆಯನ್ನು ನಂತರ ಹೊಂದಿಸಲು ಹೋದರೆ ರೇಖೆ AC ಯನ್ನು ಎರಡು ಕಡೆ ಕತ್ತರಿಸಿಬಿಡುತ್ತದೆ. ಆಗ ನಿಮ್ಮ ಚಿತ್ರ ಅಧಿಕ ಲಾಭ ತೋರಿಸುತ್ತದೆ, ನಿಮ್ಮ ಬರಹ ಸಾಮಾನ್ಯ ಲಾಭ ಎನ್ನುತ್ತದೆ.

E ಯಲ್ಲಿ `P = AR = MR = MC = AC`. ಸಾಮಾನ್ಯ ಲಾಭ ಎಂದರೆ ಉದ್ಯಮಿಗೆ ಏನೂ ಸಿಗದು ಎಂದಲ್ಲ. ಅವನ ಶ್ರಮ, ಬಂಡವಾಳದ ಪ್ರತಿಫಲ AC ಯೊಳಗೇ ಸೇರಿದೆ.

ಚಿತ್ರ 2: ಏಕಸ್ವಾಮ್ಯ

ಇಲ್ಲಿ ಅಂಕಿಗಳೊಂದಿಗೆ ಎಳೆಯಿರಿ, ತಪ್ಪುವ ಸಾಧ್ಯತೆ ಕಡಿಮೆ. ಬೇಡಿಕೆ `P = 100 − Q`, ವೆಚ್ಚ `MC = AC = 40` ಎಂದು ಇಟ್ಟುಕೊಳ್ಳೋಣ. ಆಗ `MR = 100 − 2Q`.

```
100 *
    | \ \
    |   \   \
 70 |-----\-----M
    |       \   :   \
    |         \ :       \
 40 |-----------E-----------C------ MC = AC
    |           : \         :   \
    |           :   \       :       \
    |           :     \     :           \
    +-----------+-------*---+---------------*
    O           30      50  60              100
                        MR                  AR
```

MR ರೇಖೆ AR ಶುರುವಾದ ಕಡೆಯೇ ಶುರುವಾಗಿ, ಅಡ್ಡ ಅಕ್ಷವನ್ನು AR ನ ಅರ್ಧ ದೂರದಲ್ಲಿ ಮುಟ್ಟುತ್ತದೆ: AR 100ಕ್ಕೆ ಮುಟ್ಟಿದರೆ MR 50ಕ್ಕೆ. ಇನ್ನೊಂದು ಘಟಕ ಮಾರಬೇಕಾದರೆ ಎಲ್ಲ ಘಟಕಗಳ ಬೆಲೆಯನ್ನೂ ಇಳಿಸಬೇಕಾಗುವುದೇ ಇದಕ್ಕೆ ಕಾರಣ. ಈ ಕಾರಣವನ್ನು ಬರೆಯಲೇಬೇಕು.

ಮಾದರಿ ವಿವರಣೆ: "MR = MC ಆಗುವ E ಬಿಂದುವಿನಲ್ಲಿ `100 − 2Q = 40`, ಆದ್ದರಿಂದ Q = 30. E ಯಿಂದ ಮೇಲೆ ಹೋಗಿ AR ರೇಖೆಯ M ಬಿಂದುವನ್ನು ಮುಟ್ಟಿದರೆ ಬೆಲೆ 70. ಪ್ರತಿ ಘಟಕಕ್ಕೆ ಲಾಭ 70 − 40 = 30; ಒಟ್ಟು ಲಾಭ 30 × 30 = 900. ಇದೇ ಬೇಡಿಕೆ, ಇದೇ ವೆಚ್ಚದಲ್ಲಿ ಪೂರ್ಣ ಪೈಪೋಟಿ ಇದ್ದಿದ್ದರೆ ಬೆಲೆ MC ಗೆ ಸಮನಾಗಿ C ಬಿಂದುವಿನಲ್ಲಿ 40 ರೂಪಾಯಿಗೆ 60 ಘಟಕ ಮಾರಾಟವಾಗುತ್ತಿತ್ತು."

ಬೆಲೆಯನ್ನು E ಯಲ್ಲೇ ಓದಿ 40 ಎಂದು ಬರೆಯುವುದು ಈ ಪ್ರಶ್ನೆಯ ಅತಿ ದುಬಾರಿ ತಪ್ಪು. E ಹೇಳುವುದು ಎಷ್ಟು ಉತ್ಪಾದಿಸಬೇಕು ಎಂಬುದನ್ನು ಮಾತ್ರ. ಎಷ್ಟಕ್ಕೆ ಮಾರಬೇಕು ಎಂಬುದನ್ನು ಬೇಡಿಕೆ ರೇಖೆ ಹೇಳುತ್ತದೆ. ಬೆಲೆ 40 ಆದರೆ ಲಾಭವೇ ಉಳಿಯದು, ಮುಂದಿನ ಎಲ್ಲ ಹೋಲಿಕೆಯೂ ಕುಸಿಯುತ್ತದೆ.

ಹೋಲಿಕೆ

ಕೋಷ್ಟಕ ಹಾಕಬಹುದು, ಆದರೆ ಪ್ರತಿ ಸಾಲಿನಲ್ಲೂ ಎರಡೂ ಬದಿ ತುಂಬಿರಲಿ.

| ಅಂಶ | ಪೂರ್ಣ ಪೈಪೋಟಿ | ಏಕಸ್ವಾಮ್ಯ |
|---|---|---|
| ಉದ್ಯಮ ಘಟಕದ ಬೇಡಿಕೆ ರೇಖೆ | ಅಡ್ಡ ಅಕ್ಷಕ್ಕೆ ಸಮಾಂತರ | ಕೆಳಮುಖ ಇಳಿಜಾರು |
| ಬೆಲೆ ಮತ್ತು MC | `P = MC` | `P > MC` |
| ಪ್ರವೇಶ | ಮುಕ್ತ | ತಡೆಯಿದೆ |
| ದೀರ್ಘಾವಧಿ ಲಾಭ | ಸಾಮಾನ್ಯ ಲಾಭ ಮಾತ್ರ | ಅಧಿಕ ಲಾಭ ಉಳಿಯಬಹುದು |
| ಪೂರೈಕೆ ರೇಖೆ | ಇದೆ | ಇಲ್ಲ |

'ಉಳಿಯಬಹುದು' ಎಂಬ ಪದ ಗಮನಿಸಿ. ಏಕಸ್ವಾಮಿಗೆ ಯಾವಾಗಲೂ ಲಾಭ ಎಂದು ಬರೆದರೆ ತಪ್ಪು. ಬೇಡಿಕೆ ಕುಸಿದರೆ, ವೆಚ್ಚ ಏರಿದರೆ ಅವನಿಗೂ ನಷ್ಟವಿದೆ. ಮನಬಂದ ಬೆಲೆಗೆ ಬೇಕಾದಷ್ಟು ಮಾರುತ್ತಾನೆ ಎಂಬುದೂ ತಪ್ಪು: ಬೆಲೆ ಅಥವಾ ಪ್ರಮಾಣ, ಒಂದನ್ನು ಅವನು ಆರಿಸಿದರೆ ಇನ್ನೊಂದನ್ನು ಬೇಡಿಕೆ ನಿರ್ಧರಿಸುತ್ತದೆ.

ಮೊದಲ ಸಾಲಿನಲ್ಲಿ 'ಉದ್ಯಮ ಘಟಕದ' ಎಂಬ ಪದ ಬಿಡಬೇಡಿ. ಪೂರ್ಣ ಪೈಪೋಟಿಯಲ್ಲೂ ಇಡೀ ಕೈಗಾರಿಕೆಯ ಬೇಡಿಕೆ ರೇಖೆ ಇಳಿಜಾರಾಗಿಯೇ ಇರುತ್ತದೆ.

ಕೊನೆಯ ಒಂದು ಅಂಕ

ಚಿತ್ರ 2ರಲ್ಲಿ M, E, C ಸೇರಿಸಿ ತ್ರಿಕೋನಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ ಹೀಗೆ ಬರೆಯಿರಿ: "ಪೂರ್ಣ ಪೈಪೋಟಿಯಲ್ಲಿ ಗ್ರಾಹಕರ ಮಿಗುತಾಯ ½ × 60 × 60 = 1800. ಏಕಸ್ವಾಮ್ಯದಲ್ಲಿ ಅದು ½ × 30 × 30 = 450ಕ್ಕೆ ಇಳಿಯುತ್ತದೆ. ಕಳೆದುಹೋದ 1350ರಲ್ಲಿ 900 ಏಕಸ್ವಾಮಿಯ ಲಾಭವಾಗುತ್ತದೆ, ಉಳಿದ 450 ಯಾರ ಕೈಗೂ ಸೇರದ ಸಮಾಜದ ನಿವ್ವಳ ನಷ್ಟ." ವೆಚ್ಚ ಎರಡೂ ಕಡೆ ಒಂದೇ ಎಂಬ ಊಹೆಯ ಮೇಲೆ ಇದು ನಿಂತಿದೆ ಎಂದೂ ಸೇರಿಸಿ, ವಿದ್ಯುತ್ ತಂತಿ ಜಾಲದಂಥ ಕಡೆ ಒಬ್ಬನೇ ದೊಡ್ಡ ಪ್ರಮಾಣದಲ್ಲಿ ಪೂರೈಸಿದಾಗ ಸರಾಸರಿ ವೆಚ್ಚ ಕಡಿಮೆಯಾಗಬಹುದು.

ಉಳಿದ ಎರಡು ನಿಮಿಷದಲ್ಲಿ ಚಿತ್ರಗಳಿಗೆ ಮರಳಿ. ಅಕ್ಷಗಳಿಗೆ ಹೆಸರಿದೆಯೇ, ಪ್ರತಿ ರೇಖೆಯ ತುದಿಯಲ್ಲಿ ಗುರುತಿದೆಯೇ, ವಿವರಣೆಯಲ್ಲಿ ಬರೆದ E, M, C ಅಕ್ಷರಗಳು ಚಿತ್ರದಲ್ಲೂ ಅವೇ ಇವೆಯೇ ಎಂದು ಬೆರಳಿಟ್ಟು ನೋಡಿ.