ನಮ್ಮ ಆ್ಯಪ್ ತಂಡದ ಬೋರ್ಡ್ ಓದುವುದು ಹೇಗೆ? ನಿರ್ದೇಶಕರಿಗೂ ಡಿಪೋ ಮ್ಯಾನೇಜರುಗಳಿಗೂ

ಮಾನ್ಯರೇ,

ಕಾಫಿ ಖರೀದಿ ಆ್ಯಪ್ ಮಾಡುತ್ತಿರುವ ಮೈಸೂರಿನ ತಂಡ ತನ್ನ ಜಿರಾ ಬೋರ್ಡನ್ನು ನಾವೆಲ್ಲ ನೋಡುವಂತೆ ತೆರೆದಿಟ್ಟಿದೆ. ಲಿಂಕ್ ಕಳಿಸಿದ ದಿನದಿಂದ ಮಡಿಕೇರಿ ಕಚೇರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: "ಅಲ್ಲೇನೋ ಕೆಂಪಾಗಿದೆಯಲ್ಲ, ಕೆಲಸ ನಿಂತುಹೋಯ್ತಾ?" ಅದಕ್ಕೇ ಈ ಟಿಪ್ಪಣಿ. ಜನವರಿಯಲ್ಲಿ ರೋಬಸ್ಟಾ ಕೊಯ್ಲು ಶುರುವಾಗುವ ಹೊತ್ತಿಗೆ ಆ್ಯಪ್ ಡಿಪೋಗಳಲ್ಲಿ ಓಡುತ್ತಿರಬೇಕು. ಅಲ್ಲಿಯವರೆಗೂ ಪ್ರತಿ ಶುಕ್ರವಾರದ ಸಭೆಯಲ್ಲಿ ನಾವು ನೋಡುವುದು ಈ ಬೋರ್ಡನ್ನೇ.

ಕಾಲಮ್ಮುಗಳು

ಎಡದಿಂದ ಬಲಕ್ಕೆ ಆರು ಕಾಲಮ್ಮುಗಳಿವೆ: `Backlog`, `To Do`, `In Progress`, `Code Review`, `Testing`, `Done`. ಒಂದೊಂದು ಕಾರ್ಡೂ ಒಂದು ಕೆಲಸ. ಕೆಲಸ ಮುಂದೆ ಹೋದಂತೆ ಕಾರ್ಡ್ ಬಲಕ್ಕೆ ಸರಿಯುತ್ತದೆ.

ಆದರೆ ಓದುವಾಗ ಬಲದಿಂದ ಎಡಕ್ಕೆ ಓದಿ. ಡಿಪೋಗೆ ಬೇಗ ಸಿಗುವುದು ಬಲಗಡೆ ಇರುವ ಕೆಲಸ. ಅಲ್ಲಿ ಏನಾದರೂ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಬಿಡಿಸಬೇಕಾದದ್ದು ಅದನ್ನೇ. ಎಡತುದಿಯ `Backlog` ನೋಡಿ ಗಾಬರಿಯಾಗಬೇಡಿ. ಯಾರೋ ಸಭೆಯಲ್ಲಿ "ಹೀಗೊಂದು ಇದ್ದರೆ ಚೆನ್ನಾಗಿತ್ತು" ಎಂದದ್ದೆಲ್ಲ ಅಲ್ಲಿ ಸೇರುತ್ತದೆ. ಅದು ಒಪ್ಪಿಕೊಂಡ ಕೆಲಸದ ಪಟ್ಟಿಯಲ್ಲ. ಕಾಳುಮೆಣಸು ಖರೀದಿಯ ಕಾರ್ಡ್ ಅಲ್ಲಿರುವುದು ನಿಜ. ಈ ಹಂಗಾಮಿಗೆ ಅದು ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

`Code Review` ಎಂದರೆ ಒಬ್ಬರು ಬರೆದದ್ದನ್ನು ತಂಡದ ಇನ್ನೊಬ್ಬರು ಓದಿ ಪರೀಕ್ಷಿಸುವುದು. ಇದನ್ನು ದಾಟಿಸಿ ಬೇಗ ಮುಗಿಸಿ ಎಂದು ಒತ್ತಾಯ ಮಾಡಬೇಡಿ. ಬೆಳೆಗಾರರ ದುಡ್ಡಿನ ಲೆಕ್ಕ ಇರುವ ಆ್ಯಪಿದು.

`Done` ಬಗ್ಗೆ ಹೆಚ್ಚು ಎಚ್ಚರ ಬೇಕು. ಈ ತಂಡದ ಲೆಕ್ಕದಲ್ಲಿ ಅದರ ಅರ್ಥ, ಮೈಸೂರಿನ ಕಚೇರಿಯಲ್ಲಿ ಪರೀಕ್ಷೆ ಪಾಸಾಗಿದೆ ಎಂದು. ನಿಮ್ಮ ಡಿಪೋ ಫೋನಿಗೆ ಬಂದಿದೆ ಎಂದರ್ಥವಲ್ಲ. ಅದು ಬರುವುದು ಮುಂದಿನ ಆವೃತ್ತಿ ಬಿಟ್ಟಾಗ. ಇನ್ನೊಂದು ವಿಷಯ, ಮುಗಿದ ಕಾರ್ಡುಗಳು ಎರಡು ವಾರದ ನಂತರ ಬೋರ್ಡಿನಿಂದ ಮರೆಯಾಗುವಂತೆ ಇಟ್ಟಿದ್ದಾರೆ. ಕಾಲಮ್ ಖಾಲಿ ಕಂಡರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ.

ಬಣ್ಣಗಳು

ಬಣ್ಣಕ್ಕೆ ಎಲ್ಲ ಕಡೆ ಒಂದೇ ಅರ್ಥ ಇರುವುದಿಲ್ಲ. ಬೇರೆ ಕಂಪನಿಯ ಬೋರ್ಡ್ ನೋಡಿದವರು ಆ ಅರ್ಥವನ್ನು ಇಲ್ಲಿಗೆ ತರಬೇಡಿ. ಕಾರ್ಡಿನ ಎಡ ಅಂಚಿನ ಪಟ್ಟಿ ಕೆಲಸದ ಬಗೆಯನ್ನು ಹೇಳುತ್ತದೆ: ನೀಲಿ ಡಿಪೋ ಎಂಟ್ರಿ, ಹಸಿರು ವರದಿಗಳು, ಕೆಂಪು ಹಣಪಾವತಿ. ಇದನ್ನು ತಂಡವೇ ಆರಿಸಿಕೊಂಡದ್ದು. ಕೆಂಪು ಪಟ್ಟಿಗೂ ಅಪಾಯಕ್ಕೂ ಸಂಬಂಧವಿಲ್ಲ. (ಪಾವತಿಗೆ ಬೇರೆ ಬಣ್ಣ ಇಡಿ ಎಂದು ನಾನು ಕೇಳಿದ್ದೇನೆ. ಒಪ್ಪಬಹುದು.)

ನೀವು ಹುಡುಕಬೇಕಾದ ಬಣ್ಣಗಳು ಎರಡು. ಇಡೀ ಕಾರ್ಡೇ ಹಳದಿಯಾಗಿದ್ದರೆ ಯಾರೋ ಅದಕ್ಕೆ ಫ್ಲ್ಯಾಗ್ ಹಾಕಿದ್ದಾರೆ, ಅಂದರೆ ಕೆಲಸ ಯಾವುದಕ್ಕೋ ಕಾಯುತ್ತಿದೆ. ಇಡೀ ಕಾಲಮ್ಮೇ ಕೆಂಪಾಗಿದ್ದರೆ ಅಲ್ಲಿ ಮಿತಿಗಿಂತ ಹೆಚ್ಚು ಕಾರ್ಡುಗಳಿವೆ. `Testing`ಗೆ ಇಟ್ಟ ಮಿತಿ ನಾಲ್ಕು. ಕಣದಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಹಣ್ಣು ಕೊಯ್ದು ತಂದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಕಾಲಮ್ ಕೆಂಪಾದಾಗ ಹೊಸ ಕೆಲಸ ಶುರುಮಾಡುವುದನ್ನು ಬಿಟ್ಟು ಅಲ್ಲಿರುವುದನ್ನು ಖಾಲಿ ಮಾಡಬೇಕು. "ಆ ಹುಡುಗ ಸುಮ್ಮನೆ ಕೂತಿದ್ದಾನಲ್ಲ, ಇನ್ನೊಂದು ಕಾರ್ಡ್ ಕೊಡಿ" ಎನ್ನುವ ಸಲಹೆಯಿಂದ ಕೆಲಸ ಇನ್ನಷ್ಟು ತಡವಾಗುತ್ತದೆ. ಲೆಕ್ಕ ಸರಳ: ವಾರಕ್ಕೆ 4 ಕಾರ್ಡ್ ಮುಗಿಸುವ ತಂಡದ ಕೈಯಲ್ಲಿ 12 ಇದ್ದರೆ ಒಂದೊಂದು ಕಾರ್ಡಿಗೆ ಸರಾಸರಿ 3 ವಾರ ಬೇಕು. 8 ಇದ್ದರೆ 2 ವಾರ ಸಾಕು.

ಕಾರ್ಡಿನ ಮೇಲಿನ ಸಣ್ಣ ಬೂದು ಚುಕ್ಕೆಗಳನ್ನೂ ಗಮನಿಸಿ. ಕಾರ್ಡ್ ಅದೇ ಕಾಲಮ್ಮಿನಲ್ಲಿ ಕೂತಷ್ಟು ದಿನ ಚುಕ್ಕೆಗಳು ಹೆಚ್ಚುತ್ತವೆ. ನನ್ನ ಮಟ್ಟಿಗೆ ಬೋರ್ಡಿನಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಗುರುತು ಇದೇ. ಮೂಲೆಯಲ್ಲಿ ಕಾಣುವ 3, 5, 8 ಎಂಬ ಅಂಕಿಗಳು ಕೆಲಸದ ಗಾತ್ರದ ಅಂದಾಜು. ಅವು ದಿನಗಳಲ್ಲ, ಕೂಡಿ ತಾರೀಕು ಹೇಳಲು ಹೋಗಬೇಡಿ.

ಒಂದು ಕಾರ್ಡ್ ತೆರೆದು ನೋಡೋಣ

`KHR-118`, "ರೋಬಸ್ಟಾ ಚೆರ್ರಿ: ಔಟ್‌ಟರ್ನ್ ಪ್ರಕಾರ ಚೀಲದ ಬೆಲೆ". `In Progress`ನಲ್ಲಿದೆ, ಪಟ್ಟಿ ಕೆಂಪು, ಕಾರ್ಡ್ ಪೂರ್ತಿ ಹಳದಿ, ಚುಕ್ಕೆಗಳು ಸಾಲುಗಟ್ಟಿವೆ. ಮೇಲ್ನೋಟಕ್ಕೆ ತಂಡ ಮಲಗಿದೆ ಅನ್ನಿಸುತ್ತದೆ. ಕಾರ್ಡ್ ಒತ್ತಿ ಕೆಳಗಿನ ಕಮೆಂಟುಗಳನ್ನು ಓದಿ. ಕೊನೆಯದು ತಂಡದ ಪ್ರಶ್ನೆ: "50 ಕೆಜಿ ಚೀಲದ ಸ್ಯಾಂಪಲ್ 26.5 ಔಟ್‌ಟರ್ನ್ ಬಂದರೆ 26 ಎಂದು ಹಿಡಿಯಬೇಕೇ, 27 ಎಂದೇ, ಅಥವಾ ಅರ್ಧಕ್ಕೂ ದುಡ್ಡು ಕೊಡಬೇಕೇ? ಗೋಣಿಕೊಪ್ಪ ಮತ್ತು ಸಿದ್ದಾಪುರ ಡಿಪೋಗಳು ಬೇರೆ ಬೇರೆ ಉತ್ತರ ಕೊಟ್ಟಿವೆ."

ಇದನ್ನು ಮೈಸೂರಿನಲ್ಲಿ ಕೂತ ಪ್ರೋಗ್ರಾಮರ್ ತೀರ್ಮಾನ ಮಾಡಲಾರರು, ಮಾಡಲೂಬಾರದು. ತೀರ್ಮಾನ ಆಡಳಿತ ಮಂಡಳಿಯದು. ಹಳದಿ ಕಾರ್ಡುಗಳಲ್ಲಿ ಹಲವು ಹೀಗೆ ನಮ್ಮ ಉತ್ತರಕ್ಕೇ ಕಾಯುತ್ತಿವೆ. ಹಾಗಾಗಿ ಹಳದಿ ಕಂಡ ಕೂಡಲೇ ಮೊದಲು ಕೇಳಬೇಕಾದದ್ದು: "ಇದು ಯಾರ ಉತ್ತರಕ್ಕೆ ಕಾಯ್ತಿದೆ? ನಮ್ಮದಾದರೆ ಯಾವತ್ತಿನೊಳಗೆ ಬೇಕು?"

ಕೇಳುವುದು ಹೇಗೆ

"ಎಷ್ಟು ಪರ್ಸೆಂಟ್ ಆಯ್ತು?" ಎಂದು ಕೇಳಿದರೆ ಎಂಬತ್ತು ಎಂದು ಉತ್ತರ ಬರುತ್ತದೆ. ಮುಂದಿನ ವಾರವೂ ಎಂಬತ್ತೇ. ಬದಲಿಗೆ ಕಾರ್ಡಿನ ನಂಬರ್ ಹಿಡಿದು ಕೇಳಿ: "118 ಮುಂದಿನ ಕಾಲಮ್ಮಿಗೆ ಹೋಗಬೇಕಾದರೆ ಇನ್ನೇನಾಗಬೇಕು?" `Testing` ದಾಟಿದ ಡಿಪೋ ಎಂಟ್ರಿ ಕಾರ್ಡಿಗೆ ಕೇಳಿ: "ನೆಟ್‌ವರ್ಕ್ ಇಲ್ಲದಾಗ ಎಂಟ್ರಿ ಮಾಡಿ ನೋಡಿದ್ದೀರಾ? ಆಮೇಲೆ ಸಿಗ್ನಲ್ ಬಂದಾಗ ಒಂದೇ ಚೀಲ ಎರಡು ಸಲ ಏರಲಿಲ್ಲ ತಾನೆ?" ಭಾಗಮಂಡಲದ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆಂಬುದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕಂಪ್ಯೂಟರ್ ಗೊತ್ತಿಲ್ಲ ಎಂದು ಸಂಕೋಚಪಡುವ ಮ್ಯಾನೇಜರುಗಳೇ ಕೇಳಬಲ್ಲ ಪ್ರಶ್ನೆ ಇದು.

ಹೊಸ ಕೆಲಸ ತುರ್ತಾಗಿ ಸೇರಿಸಬೇಕೆಂದರೆ "ಇದಕ್ಕೆ ಜಾಗ ಮಾಡಲು ಯಾವ ಕಾರ್ಡ್ ಹಿಂದೆ ಹೋಗುತ್ತದೆ?" ಎಂಬುದನ್ನೂ ಜೊತೆಗೇ ಕೇಳಿ. ಉತ್ತರ ಕೇಳಿದ ಮೇಲೂ ಬೇಕೆನಿಸಿದರೆ ಸೇರಿಸೋಣ.

ಯಾರ ಫೋಟೋ ಇರುವ ಕಾರ್ಡ್ ಎಷ್ಟು ತಡವಾಯಿತು ಎಂದು ಸಭೆಯಲ್ಲಿ ಎಣಿಸುವುದು ಬೇಡ. ಹಾಗೆ ಮಾಡಿದರೆ ಮರುವಾರದಿಂದ ಕಷ್ಟದ ಕಾರ್ಡುಗಳು ಬೋರ್ಡಿಗೇ ಬರುವುದಿಲ್ಲ, ಆಗ ನಮಗೆ ಕಾಣುವುದು ಚಂದದ ಸುಳ್ಳು ಬೋರ್ಡ್.

ನಿಮ್ಮ ಲಾಗಿನ್‌ನಲ್ಲಿ ಕಾರ್ಡ್ ಎಳೆಯಲು ಬರುವುದಿಲ್ಲ, ಕಮೆಂಟ್ ಮಾತ್ರ ಹಾಕಬಹುದು. ಕನ್ನಡದಲ್ಲೇ ಬರೆಯಿರಿ, ತಂಡದಲ್ಲಿ ಓದುವವರಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ನನಗೆ ಕಳಿಸಿದರೆ ನಾನು ಅಲ್ಲಿ ಹಾಕುವಷ್ಟರಲ್ಲಿ ಒಂದು ದಿನ ಹೋಗುತ್ತದೆ.

ಈ ಶುಕ್ರವಾರ ಮಧ್ಯಾಹ್ನ 3ಕ್ಕೆ, ಸಂತೆಗೆ ಹೇಗೂ ಮಡಿಕೇರಿಗೆ ಬರುವವರು ಕಚೇರಿಗೂ ಬನ್ನಿ. ಮೊದಲ ವಿಷಯ `KHR-118`. ಗೋಣಿಕೊಪ್ಪ, ಸಿದ್ದಾಪುರದ ಮ್ಯಾನೇಜರುಗಳು ಕಳೆದ ಹಂಗಾಮಿನ ಔಟ್‌ಟರ್ನ್ ರಿಜಿಸ್ಟರ್ ತನ್ನಿ.

ಯೋಜನಾ ಸಂಯೋಜಕ
ಮಡಿಕೇರಿ ಕಚೇರಿ