ದೀಪಾವಳಿ ರಜೆ: ಪಶು ಆಹಾರ ಗ್ರಾಹಕರ ಗಮನಕ್ಕೆ

ಶಿರಸಿ, 8 ಅಕ್ಟೋಬರ್ 2025

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ದೊಡ್ಡ ಹಬ್ಬದ ಪ್ರಯುಕ್ತ ಯಲ್ಲಾಪುರ ರಸ್ತೆಯ ನಮ್ಮ ಪಶು ಆಹಾರ ಮಳಿಗೆ ಅಕ್ಟೋಬರ್ 20, ಸೋಮವಾರದಿಂದ 23, ಗುರುವಾರದವರೆಗೆ ನಾಲ್ಕು ದಿನ ಮುಚ್ಚಿರುತ್ತದೆ. 24, ಶುಕ್ರವಾರ ಬೆಳಿಗ್ಗೆ 9ಕ್ಕೆ ಬಾಗಿಲು ತೆರೆಯುತ್ತೇವೆ. 19ರ ಭಾನುವಾರ ರಾತ್ರಿ 8ರವರೆಗೆ ಮಳಿಗೆಯಲ್ಲಿ ಮಾಲು ಸಿಗುತ್ತದೆ. ನಮ್ಮ ಚಾಲಕರು, ಹಮಾಲರೆಲ್ಲ ಆಕಳು ಸಾಕಿದವರೇ. ಬಲಿಪಾಡ್ಯಮಿಯ ಗೋಪೂಜೆಯ ದಿನ ಅವರು ತಮ್ಮ ಕೊಟ್ಟಿಗೆಯಲ್ಲಿರಬೇಕು.

ಮನೆ ಬಾಗಿಲಿಗೆ ಮಾಲು ತರಿಸುವವರು ದಯವಿಟ್ಟು ಗಮನಿಸಿ. ಹುಲೇಕಲ್–ವಾನಳ್ಳಿ ಕಡೆಗೆ 21ರ ಮಂಗಳವಾರ ಬರಬೇಕಾದ ಗಾಡಿ 18ರ ಶನಿವಾರವೇ ಬರುತ್ತದೆ. 16ರ ಸಂಜೆಯೊಳಗೆ ಬೇಡಿಕೆ ತಿಳಿಸಿ. ಆಮೇಲಿನ ಗಾಡಿ 28ಕ್ಕೆ. ನಡುವೆ ಹತ್ತು ದಿನ. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಆಕಳಿಗೆ ಐದಾರು ಕೆಜಿ ಹಿಂಡಿ ಬೇಕಾಗುವುದರಿಂದ ಐವತ್ತು ಕೆಜಿಯ ಒಂದು ಚೀಲ ಸಾಲದೆ ಹೋಗಬಹುದು. ಬನವಾಸಿ ಕಡೆಯ ಗುರುವಾರದ ಗಾಡಿ ಒಂದು ದಿನ ತಡವಾಗಿ, 24ಕ್ಕೆ ಬರುತ್ತದೆ. ಘಟ್ಟದ ಕೆಳಗೆ ಕುಮಟಾಕ್ಕೆ 22ರಂದು ಗಾಡಿ ಇಲ್ಲ. ಅಲ್ಲಿಯವರು 13ರೊಳಗೆ ತಿಳಿಸಿದರೆ 15ರ ಗಾಡಿಯಲ್ಲೇ ಎರಡು ವಾರದ ಮಾಲು ಇಳಿಸುತ್ತೇವೆ.

ತಂದಿಟ್ಟ ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಮಳೆಯ ತೇವ ಇನ್ನೂ ಇದೆ; ಬೂಸ್ಟು ಹಿಡಿದ ಹಿಂಡಿಯನ್ನು ಒಣಗಿಸಿ ಕೂಡ ಹಾಕಬೇಡಿ, ಅದರ ವಿಷ ಬಿಸಿಲಿಗೆ ಹೋಗುವುದಿಲ್ಲ. ಹಿಂಡಿ ಮುಗಿಯಿತೆಂದು ಬೇರೆ ಬಗೆಯದನ್ನು ಒಮ್ಮೆಲೇ ಪೂರ್ತಿ ಕೊಡುವುದೂ ಬೇಡ. ಹಳೆಯದರ ಜೊತೆ ಬೆರೆಸಿ, ದಿನದಿಂದ ದಿನಕ್ಕೆ ಹೆಚ್ಚಿಸಿ. ಇನ್ನೊಂದು ಮಾತು, ಇದನ್ನು ಮನೆಯ ಮಕ್ಕಳಿಗೂ ಹೇಳಿ: ಗೋಪೂಜೆಯಂದು ಪ್ರೀತಿಯಿಂದ ಅನ್ನ, ಕಡುಬು, ಹೋಳಿಗೆಯನ್ನು ಹೆಚ್ಚು ತಿನ್ನಿಸಿದರೆ ಆಕಳ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಜೀವಕ್ಕೇ ಕುತ್ತು ಬರಬಹುದು. ಪ್ರಸಾದವೆಂದು ಒಂದೆರಡು ತುತ್ತು ಸಾಕು, ಹೊಟ್ಟೆ ತುಂಬ ಹಸಿಹುಲ್ಲು ಹಾಕಿ.

ರಜೆಯಲ್ಲಿ ಹಿಂಡಿ ಪೂರ್ತಿ ಮುಗಿದು ತೊಂದರೆಯಾದರೆ 08384-555012ಕ್ಕೆ ಕರೆ ಮಾಡಿ. ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಮಾಲೀಕರೇ ಎತ್ತಿಕೊಳ್ಳುತ್ತಾರೆ, ಹಬ್ಬದ ದಿನವೂ. ಗೋದಾಮಿನ ಬೀಗ ತೆಗೆದು ಒಂದೆರಡು ಚೀಲ ಕೊಡುತ್ತೇವೆ. ಸಾಗಿಸುವ ವ್ಯವಸ್ಥೆ ಮಾತ್ರ ನಿಮ್ಮದು. ಹಣ ಆಮೇಲೆ ಕೊಟ್ಟರಾಯಿತು.

ಆಕಳು ಮೇವು ಬಿಟ್ಟರೆ, ಮೆಲುಕು ಹಾಕದಿದ್ದರೆ, ಎಡಪಕ್ಕೆ ಉಬ್ಬಿಕೊಂಡರೆ ನಮ್ಮ ಕರೆಗಾಗಿ ಕಾಯಬೇಡಿ. ಪಶು ಸಂಚಾರಿ ಚಿಕಿತ್ಸಾಲಯದ ಉಚಿತ ಸಂಖ್ಯೆ 1962ಕ್ಕೆ ಅಥವಾ ನಿಮ್ಮೂರಿನ ಪಶುವೈದ್ಯರಿಗೆ ತಕ್ಷಣ ತಿಳಿಸಿ.

ದೀಪಾವಳಿಯ ಶುಭಾಶಯಗಳು.

ಮಾಲೀಕರು ಮತ್ತು ಸಿಬ್ಬಂದಿ
ಪಶು ಆಹಾರ ಮಳಿಗೆ, ಯಲ್ಲಾಪುರ ರಸ್ತೆ, ಶಿರಸಿ