ರಾತ್ರಿ ಪಾಳಿಯವರಿಗೆ: ಡೆಲಿರಿಯಮ್ಮೋ, ಸೈಕೋಸಿಸ್ಸೋ?

(ಮೆಡಿಸಿನ್ ವಾರ್ಡ್, ದಾವಣಗೆರೆ. ಹೌಸ್ ಸರ್ಜನ್‌ಗಳು ಮತ್ತು ಸಿಸ್ಟರ್‌ಗಳಿಗೆ)

ಹೊನ್ನಾಳಿ ಕಡೆಯ 68ರ ಅಜ್ಜಿ, ನ್ಯುಮೋನಿಯಾ, ದಾಖಲಾಗಿ ಮೂರನೇ ರಾತ್ರಿ. ಡ್ರಿಪ್ ಕಿತ್ತುಕೊಂಡರು, ಗೋಡೆ ತುಂಬ ಇರುವೆ ಹರಿದಾಡ್ತಿವೆ ಅಂದರು. ಕೇಸ್ ಶೀಟಿನಲ್ಲಿ ‘ಸೈಕಿಯಾಟ್ರಿಗೆ ತೋರಿಸಿ’ ಅಂತ ಬರೆದು ಬಿಟ್ಟೆವು. ಬೆಳಿಗ್ಗೆ ಸೋಡಿಯಂ ವರದಿ ಬಂತು: 116. ಆ ಆರು ತಾಸು ನಾವು ಕಳೆದುಕೊಳ್ಳಬಾರದಿತ್ತು.

ಭ್ರಮೆ ಎರಡರಲ್ಲೂ ಇರುತ್ತದೆ, ಅದನ್ನು ನಂಬಿ ತೀರ್ಮಾನ ಮಾಡಬೇಡಿ. ನೋಡಬೇಕಾದ್ದು ಗಮನ. ಸೈಕೋಸಿಸ್ ರೋಗಿ ಯಾರೋ ಬೈಯುವುದು ಕೇಳಿಸುತ್ತಿದ್ದರೂ ಸಾಮಾನ್ಯವಾಗಿ ಎಚ್ಚರವಾಗಿರುತ್ತಾನೆ. ಊರು, ದಿನ ಸರಿಯಾಗಿ ಹೇಳುತ್ತಾನೆ. ಕಾಯಿಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೆಳೆದಿರುತ್ತದೆ. ಡೆಲಿರಿಯಮ್ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ, ಏರಿಳಿಯುತ್ತದೆ, ಸಂಜೆಯ ಮೇಲೆ ಹೆಚ್ಚುತ್ತದೆ. ಬೆಳಗಿನ ರೌಂಡ್ಸ್‌ನಲ್ಲಿ ಚೆನ್ನಾಗಿದ್ದರು ಎಂದ ಮಾತ್ರಕ್ಕೆ ಅದನ್ನು ತಳ್ಳಿಹಾಕಬೇಡಿ. 60 ದಾಟಿದ ಮೇಲೆ ಮೊದಲ ಸಲ ಹೀಗಾದರೆ, ಬೇರೆ ಸಾಬೀತಾಗುವವರೆಗೆ ಅದು ಡೆಲಿರಿಯಮ್.

ಹಾಸಿಗೆ ಪಕ್ಕದ ಪಟ್ಟಿ

☐ ಮನೆಯವರನ್ನು ಕೇಳಿ: ‘ಯಾವಾಗಿಂದ ಹಿಂಗೆ? ಮುಂಚೆ ಹೆಂಗಿದ್ರು?’ ಗಾಳಿ ಸೋಕಿದೆ ಅಂದರೆ ನಗಬೇಡಿ. ಯಾವ ದಿನ, ಯಾವ ಹೊತ್ತಿಗೆ ಶುರುವಾಯಿತು ಅಂತ ಅಲ್ಲಿಂದಲೇ ಕೇಳಿ.

☐ ಎಚ್ಚರ: ತೂಕಡಿಕೆಯೋ, ಚಡಪಡಿಕೆಯೋ? ಸುಮ್ಮನೆ ಮಲಗಿರುವ ‘ಒಳ್ಳೆ ಪೇಷೆಂಟ್’ ಅನ್ನೂ ಮಾತಾಡಿಸಿ. ನಮ್ಮ ಕೈತಪ್ಪುವುದು ಹೆಚ್ಚಾಗಿ ಅವರೇ.

☐ ಗಮನ: ತಿಂಗಳುಗಳನ್ನು ಹಿಂದಿನಿಂದ ಹೇಳಿಸಿ. ಓದು ಬಾರದಿದ್ದರೆ ವಾರಗಳು: ಭಾನುವಾರ, ಶನಿವಾರ, ಶುಕ್ರವಾರ... ನಡುವೆ ಎಳೆ ತಪ್ಪುತ್ತದೆಯೇ ನೋಡಿ. ಕಿವಿ ಮಂದವೇ, ಕನ್ನಡಕ ಇದೆಯೇ ಎಂಬುದು ಮೊದಲು.

☐ ಮಾತು ಒಂದಕ್ಕೊಂದು ಕೂಡುತ್ತಿದೆಯೇ? ಎಲ್ಲಿದ್ದೀರಿ, ಈಗ ಹಗಲೋ ರಾತ್ರಿಯೋ?

☐ ಗ್ಲುಕೋಮೀಟರ್, ಆಕ್ಸಿಜನ್, ಬಿ.ಪಿ., ಜ್ವರ. ಹೊಟ್ಟೆ ಮುಟ್ಟಿ: ಮೂತ್ರ ಕಟ್ಟಿದೆಯೇ, ಮಲಬದ್ಧತೆಯೇ? ಕತ್ತು ಬಿಗಿದಿದೆಯೇ, ಕೈಕಾಲಲ್ಲಿ ಹೊಸ ಬಲಹೀನತೆಯೇ?

☐ ಔಷಧಿ ಚಾರ್ಟ್: ಸ್ಟಿರಾಯ್ಡ್, ನಿದ್ದೆ ಮಾತ್ರೆ, ಟ್ರೈಹೆಕ್ಸಿಫೆನಿಡಿಲ್. ಕ್ರಿಮಿನಾಶಕ ಕುಡಿದು ಬಂದವರಿಗೆ ಅಟ್ರೋಪಿನ್ ಹೆಚ್ಚಾದರೂ ಹೀಗೇ: ಒಣ ಚರ್ಮ, ಅಗಲಿಸಿದ ಕಣ್ಣುಪಾಪೆ, ಜ್ವರ, ಏರಿದ ನಾಡಿ. ನಮ್ಮ ಕಡೆ ರೈತಾಪಿ ಕೇಸುಗಳೇ ಜಾಸ್ತಿ, ಇದನ್ನು ಮರೆಯಬೇಡಿ.

☐ ಕುಡಿತ ನಿಂತು ಎಷ್ಟು ದಿನ? ಎರಡು–ಮೂರನೇ ದಿನ ನಡುಕ, ಬೆವರು ಇದ್ದರೆ ಥಯಾಮಿನ್ ಕೊಡಿ, ತಡವಿಲ್ಲದೆ ನನಗೆ ಫೋನ್ ಮಾಡಿ.

ದಿಢೀರ್ ಬದಲಾವಣೆ ಮತ್ತು ಗಮನ ಕೆಟ್ಟಿರುವುದು ಎರಡೂ ಇದ್ದು, ಜೊತೆಗೆ ಮಾತು ಅಡ್ಡಾದಿಡ್ಡಿಯಾಗಿದ್ದರೆ ಅಥವಾ ಎಚ್ಚರ ವ್ಯತ್ಯಾಸವಾಗಿದ್ದರೆ ಡೆಲಿರಿಯಮ್ ಎಂದೇ ಬರೆಯಿರಿ. ಸೋಡಿಯಂ, ಕ್ರಿಯಾಟಿನಿನ್, ಸಿ.ಬಿ.ಸಿ., ಮೂತ್ರ ಪರೀಕ್ಷೆ ಆ ರಾತ್ರಿಯೇ ಹೋಗಲಿ. ಹಳೆಯ ಸ್ಕಿಜೋಫ್ರೇನಿಯಾ ರೋಗಿಗೂ ಜ್ವರದಲ್ಲಿ ಡೆಲಿರಿಯಮ್ ಬರಬಹುದು; ಹಳೆ ಚೀಟಿ ನೋಡಿ ಪರೀಕ್ಷೆ ನಿಲ್ಲಿಸಬೇಡಿ.

ಕಟ್ಟಿಹಾಕಬೇಡಿ. ದೀಪ ಹಚ್ಚಿಡಿ, ಮನೆಯವರೊಬ್ಬರು ಪಕ್ಕ ಕೂತಿರಲಿ. ತಮಗೋ ಬೇರೆಯವರಿಗೋ ಅಪಾಯ ಎನಿಸಿದರೆ ಮಾತ್ರ ಹ್ಯಾಲೊಪೆರಿಡಾಲ್ 0.5 ಮಿ.ಗ್ರಾಂ., ಅದೂ ಇಸಿಜಿ ನೋಡಿ. ಪಾರ್ಕಿನ್‌ಸನ್ ರೋಗಿಗೆ ಬೇಡ. ಪಟ್ಟಿ ತುಂಬಿದ ಹೊತ್ತನ್ನು ಕೇಸ್ ಶೀಟಿನಲ್ಲಿ ಬರೆದು, ನಾಲ್ಕು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ.